ಕಪ್ ನಮ್ಮ ಬೀದಿಗೆ ಬಂತು

ಗಣೇಶೋತ್ಸವದ ಅಂಗವಾಗಿ ನಡೆದ 60 ಕೆ.ಜಿ. ವಿಭಾಗದ ಹೊನಲು ಬೆಳಕಿನ ಕಬಡ್ಡಿ ಪಂದ್ಯಾವಳಿಯಲ್ಲಿ ಮೈಸೂರಿನ ಕುಂಬಾರಕೊಪ್ಪಲಿನ ನಮ್ಮ ಬೀದಿಯ ತಂಡ ಪ್ರಥಮ ಸ್ಥಾನ ಪಡೆದಿದೆ ಎಂದು ತಿಳಿಸಲು ಬಹಳ ಸಂತೋಷವಾಗುತ್ತಿದೆ. 16 ತಂಡಗಳು ಆಡಿದ್ದವು. ನಿನ್ನೆ ರಾತ್ರಿ ಒಂದೂವರೆ ಗಂಟೆಗೆ ಮುಗಿದ ಫೈನಲ್‌ನಲ್ಲಿ ನಾವು ಗೆದ್ದದ್ದು 27–26ರಿಂದ, ಅಂದರೆ ಒಂದೇ ಒಂದು ಅಂಕದಿಂದ. ಚಿತ್ರದಲ್ಲಿ ಕಪ್ಪಿಗೆ ಕೈ ಹಚ್ಚಿ ನಿಂತವರು ಹತ್ತು ಮಂದಿ ಮಾತ್ರ. ಆ ಒಂದು ಅಂಕಕ್ಕೆ ದುಡಿದವರನ್ನೆಲ್ಲ ನಿಲ್ಲಿಸಿದ್ದರೆ ಚಿತ್ರ ತೆಗೆಯುವವರು ಎದುರು ಬೀದಿಯವರೆಗೆ ಹಿಂದೆ ಸರಿಯಬೇಕಾಗುತ್ತಿತ್ತು.

ಮೊದಲ ಸವಾಲು ಎದುರಾದದ್ದು ಅಂಕಣದಲ್ಲಲ್ಲ, ತೂಕದ ಯಂತ್ರದ ಮೇಲೆ. ನಮ್ಮ ಎಡ ಕಾರ್ನರ್ ಆಟಗಾರ ಹಬ್ಬದ ಮರುದಿನ 60 ಕೆ.ಜಿ. 400 ಗ್ರಾಂ ತೂಗಿದ. ಯಂತ್ರದ ಮುಂದೆಯೇ ಬೂಟು, ಅಂಗಿ, ಕೊನೆಗೆ ಕೈಗೆ ಕಟ್ಟಿದ್ದ ದಾರವನ್ನೂ ಬಿಚ್ಚಿಟ್ಟರೂ ಮುಳ್ಳು ಜಗ್ಗಲಿಲ್ಲ. ಮೂರು ಸ್ವೆಟರ್ ಹಾಕಿಸಿ ಮೈದಾನದ ಸುತ್ತ ಓಡಿಸಿದೆವು; ಒಬ್ಬನೇ ಓಡಿದರೆ ಬೇಸರವಾದೀತೆಂದು ಇಡೀ ತಂಡ ಅವನ ಜೊತೆಗೆ ಓಡಿತು. ಮುಕ್ಕಾಲು ಗಂಟೆಯ ನಂತರ ಸರಿಯಾಗಿ 60 ಕೆ.ಜಿ. ತೋರಿಸಿದಾಗ ತೂಕ ನೋಡುತ್ತಿದ್ದ ಹಿರಿಯರೇ ಚಪ್ಪಾಳೆ ತಟ್ಟಿದರು. ಅವನ ತಾಯಿ ಒಂದು ಡಬ್ಬಿ ತುಂಬ ಕಡುಬು ತಂದು, ತೂಕ ಮುಗಿಯುವವರೆಗೆ ಯಾರೂ ಮುಚ್ಚಳ ತೆಗೆಯಕೂಡದೆಂದು ಮಡಿಲಲ್ಲಿಟ್ಟುಕೊಂಡು ಕುಳಿತಿದ್ದರು. ಅಷ್ಟು ಬಿಗಿಯಾದ ರಕ್ಷಣೆಯನ್ನು ನಾವು ಇಡೀ ಪಂದ್ಯಾವಳಿಯಲ್ಲಿ ಬೇರೆಲ್ಲೂ ಕಾಣಲಿಲ್ಲ.

ಕಬಡ್ಡಿಯಲ್ಲಿ ಔಟಾಗಿ ಹೊರಗೆ ಕುಳಿತವನು ತಾನಾಗಿ ಒಳಗೆ ಬರುವಂತಿಲ್ಲ. ಒಳಗಿರುವ ತಂಡದವನೊಬ್ಬ ಎದುರಾಳಿಯನ್ನು ಔಟ್ ಮಾಡಿದರೆ ಅವನಿಗೆ ಜೀವ ಬರುತ್ತದೆ. ಫೈನಲ್‌ನ ದ್ವಿತೀಯಾರ್ಧದಲ್ಲಿ ನಾವು ಆರು ಅಂಕ ಹಿಂದಿದ್ದಾಗ ನಮ್ಮ ಮುಖ್ಯ ರೈಡರ್ ಹೊರಗಿದ್ದ. ಅವನನ್ನು ಒಳಗೆ ಕರೆತಂದವನು ಈ ವರ್ಷವಷ್ಟೇ ಪಿಯುಸಿ ಸೇರಿದ, ತಂಡದಲ್ಲೇ ಚಿಕ್ಕವನಾದ ಹುಡುಗ. ಬಲ ಕಾರ್ನರ್‌ನವರ ಹೆಬ್ಬೆರಳನ್ನು ತುದಿಗಾಲಿನಿಂದ ಮುಟ್ಟಿ, ಮೂವರ ಕೈಯಿಂದ ನುಸುಳಿ, ಹೊಟ್ಟೆಯ ಮೇಲೆ ಜಾರಿಕೊಂಡು ಅವನು ನಡುಗೆರೆ ತಲುಪಿದ. ಅಲ್ಲಿಂದ ಆಟ ತಿರುಗಿತು. ಎದುರಾಳಿಗಳನ್ನು ಆಲೌಟ್ ಮಾಡಿ ಲೋನಾದ ಎರಡು ಅಂಕವೂ ಸೇರಿ ಲೆಕ್ಕ ಸಮವಾಯಿತು.

26–26 ಇದ್ದಾಗ ಕೊನೆಯ ರೈಡ್ ಅವರದು. ಅವರ ನಾಯಕ ಬೋನಸ್ ಗೆರೆಯತ್ತ ಕಾಲು ಚಾಚಿದ ಕ್ಷಣದಲ್ಲಿ, ಆ 400 ಗ್ರಾಂ ಕಳೆದುಕೊಂಡಿದ್ದ ನಮ್ಮ ಎಡ ಕಾರ್ನರ್ ಆಟಗಾರ ಕಣಕಾಲಿಗೆ ಎರಡೂ ಕೈ ಹಾಕಿದ. ಕವರ್‌ನಲ್ಲಿದ್ದ ನಾನು ಸೊಂಟ ಹಿಡಿದೆ. ಉಳಿದವರು ಮೇಲೆ ಬಿದ್ದರು. ರೆಫರಿ ಸೀಟಿ ಊದಿದಾಗ ಅವರ ನಾಯಕನ ಬೆರಳಿಗೂ ನಡುಗೆರೆಗೂ ಒಂದು ಗೇಣಿನ ಅಂತರವಿತ್ತು. ಕೆಮ್ಮಣ್ಣಿನ ಮೇಲೆ ಆ ಐದು ಬೆರಳುಗಳ ಗುರುತು ಹಾಗೇ ಉಳಿದಿತ್ತು, ಮತ್ತು ಅಷ್ಟು ಹತ್ತಿರ ಬಂದು ನಿಂತ ಆ ತಂಡದ ಮೇಲೆ ನಮಗಿರುವ ಗೌರವ ದೊಡ್ಡದು. ಸೆಮಿಫೈನಲ್‌ನಲ್ಲಿ ನಮ್ಮ ಹುಡುಗನ ಕಾಲು ಉಳುಕಿದಾಗ ಐಸ್ ತಂದು ಕಟ್ಟಿದವರೂ ಅವರೇ.

ಮೂರು ತಿಂಗಳು ಅಭ್ಯಾಸ ನಡೆದ ಖಾಲಿ ಸೈಟಿನಲ್ಲಿ ಸಂಡಿಗೆ ಒಣಗಿಸುತ್ತಿದ್ದ ಅಜ್ಜಿ, ಸಂಜೆ ಆರಕ್ಕೆ ಸರಿಯಾಗಿ ಸೀರೆಯ ಸಮೇತ ಅದನ್ನೆತ್ತಿಕೊಂಡು ಜಾಗ ಬಿಟ್ಟುಕೊಟ್ಟರು. ಬರಬರುತ್ತಾ ಆಟ ಕಲಿತು, ಜಗುಲಿಯಿಂದಲೇ ಔಟ್ ತೀರ್ಪನ್ನೂ ಕೊಡತೊಡಗಿದರು. ಇಸ್ತ್ರಿ ಅಂಗಡಿಯ ಅಣ್ಣ ಹತ್ತು ಜೆರ್ಸಿಗೂ ದುಡ್ಡು ಮುಟ್ಟಲಿಲ್ಲ. ಅವಸರದಲ್ಲಿ ಒಂದು ಜೆರ್ಸಿಯ 8 ಕರಗಿ 3 ಆದದ್ದರಿಂದ ಫೈನಲ್‌ನಲ್ಲಿ ನಮ್ಮಲ್ಲಿ ಇಬ್ಬರು 3ನೇ ನಂಬರಿನವರಿದ್ದರು; ಸ್ಕೋರ್ ಬರೆಯುವವರ ಮುಂದೆ ಅಣ್ಣ ತಾವೇ ಹೋಗಿ ನಿಂತು, ಸುಣ್ಣದಿಂದ ಅದನ್ನು ಮತ್ತೆ 8 ಮಾಡಿದರು. ಹಾಲಿನ ಗಾಡಿಯ ಮಾವ ರಾತ್ರಿ ಎರಡು ಗಂಟೆಯಾದರೂ ಕಾದಿದ್ದು ನಮ್ಮನ್ನೆಲ್ಲ ಮನೆಗೆ ಮುಟ್ಟಿಸಿ, ಅದೇ ಗಾಡಿಯಲ್ಲಿ ಹಾಲು ತರಲು ಹೊರಟರು. ಕಪ್ ಮುಂದಿನ ಸೀಟಿನಲ್ಲಿ ಕುಳಿತಿತ್ತು, ನಾಯಕ ಹಿಂದೆ ಕ್ಯಾನುಗಳ ನಡುವೆ.

ಕಪ್ ಇನ್ನು ಮನೆಗೊಂದು ವಾರದಂತೆ ಬೀದಿಯ ಎಲ್ಲ ಮನೆಗಳಲ್ಲೂ ಇರುತ್ತದೆ. ಚೀಟಿ ಎತ್ತಿದಾಗ ಮೊದಲ ಸರದಿ ಅಜ್ಜಿಯ ಮನೆಗೇ ಬಂದಿದೆ. ನೋಡಬೇಕೆನ್ನುವವರು ಭಾನುವಾರ ಬೆಳಿಗ್ಗೆ ಹತ್ತಕ್ಕೆ ಬನ್ನಿ. ಅಲ್ಲಿ ಕಡುಬಿನ ಡಬ್ಬಿಯ ಮುಚ್ಚಳ ಈ ಸಲ ತೆರೆದೇ ಇರುತ್ತದೆ.