ಶಾಲೆಯ ಹೆಂಚಿನ ಮಾಡು ದುರಸ್ತಿ: ಕೆಲಸದ ಪಟ್ಟಿ ಮತ್ತು ತಡದ ಲೆಕ್ಕ

ಜಾಗ: ಸಾಗರ ತಾಲ್ಲೂಕಿನ ನಮ್ಮೂರ ಸರ್ಕಾರಿ ಶಾಲೆ, ಎರಡು ಕೋಣೆ
ಮಾಡಿಸುವವರು: ಹಳೆ ವಿದ್ಯಾರ್ಥಿಗಳು ಮತ್ತು ಎಸ್‌ಡಿಎಂಸಿ
ಇವತ್ತಿನ ದಿನ (B2): 14-05-2026
ಮುಗಿಯಲೇಬೇಕಾದ ದಿನ: 31-05-2026

ಕೇರಳಕ್ಕೆ ಮುಂಗಾರು ಬರುವುದು ಸಾಮಾನ್ಯವಾಗಿ ಜೂನ್ 1ಕ್ಕೆ. ಅಲ್ಲಿಂದ ನಮ್ಮ ಮಲೆನಾಡಿಗೆ ಜಾಸ್ತಿ ದಿನ ಬೇಕಿಲ್ಲ. ಹೆಂಚು ಇಳಿಸಿದ ಗೋಡೆ ಒಂದು ದೊಡ್ಡ ಮಳೆಗೆ ನೆನೆದರೆ ಗಾರೆ ಕೆಲಸ ಮತ್ತೆ ಮೊದಲಿಂದ. ಹಾಗಾಗಿ ದಯವಿಟ್ಟು ಎಲ್ಲರೂ ಕೆಲಸ ಶುರುವಾದ ದಿನ, ಮುಗಿದ ದಿನ ಎರಡನ್ನೂ ಅವತ್ತೇ ತುಂಬಿ. ಯೋಜನೆಯ ದಿನಾಂಕ ಯಾರೂ ಬದಲಿಸಬೇಡಿ. ಅದನ್ನು ತಿದ್ದಿದರೆ ತಡವೇ ಕಾಣುವುದಿಲ್ಲ.

| ಸಂ. | ಕೆಲಸ | ಹೊಣೆ | ಯೋಜನೆ: ಶುರು | ಯೋಜನೆ: ಮುಕ್ತಾಯ | ಆದದ್ದು: ಶುರು | ಆದದ್ದು: ಮುಕ್ತಾಯ | ತಡ (ದಿನ) | ಸ್ವಂತ ತಡ |
|---|---|---|---|---|---|---|---|---|
| 1 | ಅಂದಾಜು ಪಟ್ಟಿ, ಒಪ್ಪಿಗೆ | ಕಾರ್ಯದರ್ಶಿ | 01-04 | 08-04 | 01-04 | 08-04 | 0 | 0 |
| 2 | ಹಣ ಸಂಗ್ರಹ | ಖಜಾಂಚಿ | 01-04 | 10-04 | 01-04 | 19-04 | 9 | 9 |
| 3 | ಬೆಂಚು, ಪುಸ್ತಕ ಸಾಗಿಸುವುದು | ಮುಖ್ಯ ಶಿಕ್ಷಕಿ | 13-04 | 14-04 | 13-04 | 13-04 | -1 | -1 |
| 4 | ಹಳೆ ಹೆಂಚು ಇಳಿಸಿ ಒಡೆದದ್ದು ಬೇರೆ ಮಾಡುವುದು | ಯುವಕರ ತಂಡ | 16-04 | 19-04 | 18-04 | 20-04 | 1 | -1 |
| 5 | ಪಕಾಸು, ರೀಪಿಗೆ ಮರ ಕೊಯ್ಸಿ ತರುವುದು | ಬಡಗಿ | 11-04 | 20-04 | 20-04 | 29-04 | 9 | 0 |
| 6 | ಮರಕ್ಕೆ ಗೆದ್ದಲು ಔಷಧಿ ಹಚ್ಚಿ ಒಣಗಿಸುವುದು | ಯುವಕರ ತಂಡ | 21-04 | 25-04 | 30-04 | 04-05 | 9 | 0 |
| 7 | ಪಕಾಸು ಕೂರಿಸಿ ರೀಪು ಹೊಡೆಯುವುದು | ಬಡಗಿ | 26-04 | 06-05 | 05-05 | | 8 | |
| 8 | ಗೋಡೆ ಬಿರುಕು, ಗೋಡೆ ತಲೆ ಗಾರೆ | ಮೇಸ್ತ್ರಿ | 26-04 | 30-04 | 26-04 | 01-05 | 1 | 1 |
| 9 | ಹೆಂಚು ಹೊದೆಸುವುದು | ಯುವಕರ ತಂಡ | 07-05 | 12-05 | | | 2 | |
| 10 | ವೈರಿಂಗ್, ಫ್ಯಾನ್ | ಎಲೆಕ್ಟ್ರಿಷಿಯನ್ | 13-05 | 16-05 | | | 0 | |
| 11 | ಸುಣ್ಣ ಬಣ್ಣ | ಯುವಕರ ತಂಡ | 17-05 | 22-05 | | | 0 | |

ಕೊನೆಯ ಎರಡು ಕಾಲಂ ತಾನಾಗೇ ತುಂಬುತ್ತವೆ, ಕೈ ಹಾಕಬೇಡಿ. ಮೊದಲ ಕೆಲಸ 5ನೇ ಸಾಲಿನಲ್ಲಿದೆ. ಸೂತ್ರ ಅಳಿಸಿಹೋದರೆ ಇಲ್ಲಿಂದ ನಕಲು ಮಾಡಿ:

```
B2: =TODAY()
H5: =IF(G5="",MAX(0,$B$2-E5),G5-E5)
I5: =IF(G5="","",(G5-F5)-(E5-D5))
```

ತಡದ ಸಾರಾಂಶ (ತಾನಾಗೇ ಬರುವುದು)

ಒಟ್ಟು ಕೆಲಸ 11. ಮುಗಿದದ್ದು 7. ನಡೆಯುತ್ತಿರುವುದು 1. ಶುರುವಾಗದ್ದು 3.
ತಡವಾದ ಕೆಲಸ 7. ಇದರಲ್ಲಿ ಇನ್ನೂ ಮುಗಿಯದ್ದು 2 (ಸಂ. 7, 9).
ಅತಿ ಹೆಚ್ಚು ತಡ: 9 ದಿನ. ಅದು ಮೊದಲು ಕಂಡದ್ದು: ಹಣ ಸಂಗ್ರಹ.
ಹೊಣೆವಾರು ತಡ: ಬಡಗಿ 17, ಯುವಕರ ತಂಡ 12, ಖಜಾಂಚಿ 9, ಮೇಸ್ತ್ರಿ 1.

```
=COUNTIF(H5:H15,">0")
=INDEX(B5:B15,MATCH(MAX(H5:H15),H5:H15,0))
=SUMIFS(H5:H15,C5:C15,"ಬಡಗಿ",H5:H15,">0")
```

ಈ ವಾರದ ಟಿಪ್ಪಣಿ

ಹೊಣೆವಾರು ಲೆಕ್ಕ ನೋಡಿ ಬಡಗಿಯವರನ್ನು ದೂರಬೇಡಿ. ಪಕ್ಕದ "ಸ್ವಂತ ತಡ" ನೋಡಿ. ಮರ ತರಲು ಅವರಿಗೆ ಕೊಟ್ಟದ್ದು 10 ದಿನ, ತೆಗೆದುಕೊಂಡದ್ದೂ 10 ದಿನ. ಮುಂಗಡ ಕೈಗೆ ಸಿಕ್ಕಿದ್ದೇ 20ನೇ ತಾರೀಕು, ಅವತ್ತೇ ಅವರು ಸಾಮಿಲ್ಲಿಗೆ ಹೋಗಿದ್ದಾರೆ. ಔಷಧಿ ಹಚ್ಚಿದ ಹುಡುಗರೂ ಒಂದು ದಿನ ಕಳೆದಿಲ್ಲ. ಹಣ ಬರುವಾಗ ಆದ 9 ದಿನದ ತಡವೇ 5, 6, 7ನೇ ಕೆಲಸಕ್ಕೆ ಸಾಲಾಗಿ ಇಳಿದು ಬಂದಿದೆ. ಖಜಾಂಚಿಯವರು ದಿನಾ ಫೋನ್ ಮಾಡಿದ್ದಾರೆ, ಒಪ್ಪಿಕೊಂಡವರು ಕಳಿಸಿದ್ದು ತಡ. ಬಣ್ಣದ ದುಡ್ಡು ಬಾಕಿ ಇಟ್ಟವರು ಇದೇ 18ರೊಳಗೆ ಹಾಕಿಬಿಡಿ.

ಎಲ್ಲರ ತಡ ಕೂಡಿಸಿದರೆ 39 ಬರುತ್ತದೆ. ಆದರೆ ಮಾಡು 39 ದಿನ ಹಿಂದೆ ಬಿದ್ದಿಲ್ಲ. ಅದೇ 9 ದಿನ ಮತ್ತೆ ಮತ್ತೆ ಎಣಿಕೆಯಾಗಿದೆ, ಅಷ್ಟೇ. ಹಾಗೆಯೇ 10, 11ನೇ ಕೆಲಸದ ಸೊನ್ನೆ ನೋಡಿ ನಿರಾಳವಾಗಬೇಡಿ. ಗಡುವು ದಾಟಿಲ್ಲವೆಂದು ಸೊನ್ನೆ ಇದೆ. ಹೆಂಚು ಹೊದೆಸದೆ ವೈರಿಂಗ್ ಆಗುವುದಿಲ್ಲ ಅಲ್ವಾ?

ರೀಪು ಹೊಡೆಯುವುದು 18ಕ್ಕೆ ಮುಗಿಯುತ್ತದೆ ಎಂದು ಬಡಗಿಯವರು ಹೇಳಿದ್ದಾರೆ. ಅಲ್ಲಿಗೆ 12 ದಿನ ತಡ, ಅದರಲ್ಲಿ 3 ಮಾತ್ರ ಈ ಕೆಲಸದ್ದು. ಎರಡು ಪಕಾಸು ಸೊಟ್ಟ ಬಂದು ಬದಲಿಸಬೇಕಾಯಿತು. ಮುಂದಿನದನ್ನು ಒಂದಾದ ಮೇಲೆ ಒಂದು ಮಾಡುತ್ತಾ ಹೋದರೆ ಬಣ್ಣ ಮುಗಿಯುವುದು ಜೂನ್ 3ಕ್ಕೆ. ಅದು ಆಗಬಾರದು.

ಅದಕ್ಕೆ ಹೀಗೆ ನಿಶ್ಚಯಿಸಿದ್ದೇವೆ: ಹೆಂಚಿಗೆ ಜನ ಹೆಚ್ಚಿಸಿ 19ರಿಂದ 22ರೊಳಗೆ ಹೊದೆಸುವುದು. ವೈರಿಂಗ್ 23ರಿಂದ 26. ಮುಗಿದ ಕೋಣೆಗೆ 25ರಿಂದಲೇ ಬಣ್ಣ, 30ಕ್ಕೆ ಮುಕ್ತಾಯ. ಯೋಜನೆಗಿಂತ 8 ದಿನ ತಡ, ಆದರೂ ಗಡುವಿಗೆ ಒಂದು ದಿನ ಮುಂಚೆ. ಬೆಂಗಳೂರಿನಲ್ಲಿರುವವರು ಬರುವುದಾದರೆ 19ರಿಂದ 22ರ ನಡುವೆ ಬನ್ನಿ. ಹೆಂಚು ಕೈಯಿಂದ ಕೈಗೆ ದಾಟಿಸಲು ಸಾಲು ನಿಲ್ಲಬೇಕು, ಊರಲ್ಲಿರುವ ಹುಡುಗರು ಸಾಲುವುದಿಲ್ಲ. ಅಲ್ಲಿಯವರೆಗೆ ಸಂಜೆ ಮಳೆ ಬಂದರೆ ಗೋಡೆ ತಲೆಗೆ ಟಾರ್ಪಾಲು ಹೊದೆಸುವ ಹೊಣೆ ಮೇಸ್ತ್ರಿಯವರದು. ಟಾರ್ಪಾಲು ಮುಖ್ಯ ಶಿಕ್ಷಕಿಯವರ ಕೋಣೆಯಲ್ಲಿದೆ.