ಮೊದಲು ಗೇಣು, ಆಮೇಲೆ ಹಗ್ಗ
2ನೇ ತರಗತಿ, ಗಣಿತ, 40 ನಿಮಿಷ

ಸ್ಕೇಲು ಇವತ್ತು ಚೀಲದಲ್ಲೇ ಇರಲಿ. ಗೇಣು ತೋರಿಸಿ: ಕೈ ಪೂರ್ತಿ ಅಗಲಿಸಿದಾಗ ಹೆಬ್ಬೆರಳ ತುದಿಯಿಂದ ಕಿರುಬೆರಳ ತುದಿವರೆಗೆ. ಬೆಂಚಿನ ಉದ್ದ ಎಷ್ಟು ಗೇಣು ಇರಬಹುದು? ಮಕ್ಕಳು ಮೊದಲು ಊಹಿಸಲಿ, ಆಮೇಲೆ ಅಳೆಯಲಿ. ಒಂದು ಗೇಣು ಮುಗಿದ ಕಡೆಯಿಂದಲೇ ಇನ್ನೊಂದು ಶುರುವಾಗಬೇಕು. ತಪ್ಪು ಜಾಸ್ತಿ ಆಗುವುದು ಇಲ್ಲೇ: ನಡುವೆ ಸಂದು ಬಿಡುತ್ತಾರೆ. ನೀವು ತಿದ್ದಬೇಡಿ, ಪಕ್ಕದವರು ನೋಡಿ ಹೇಳಲಿ.

ಉತ್ತರಗಳನ್ನು ಬೋರ್ಡಿನ ಮೇಲೆ ಬರೆಯಿರಿ. ಒಬ್ಬರಿಗೆ 10, ಇನ್ನೊಬ್ಬರಿಗೆ 12. ಕೊನೆಗೆ ನೀವು ಅಳೆದರೆ 7! ‘ಬೆಂಚು ಒಂದೇ ಅಲ್ವಾ, ಹೀಗ್ಯಾಕೆ?’ ಎಂದು ಕೇಳಿ ಸುಮ್ನಿರಿ. ಮಕ್ಕಳು ಕೈ ಕೈ ಜೋಡಿಸಿ ನೋಡಿಕೊಳ್ಳುತ್ತಾರೆ. ಹೂವು ಕೊಳ್ಳುವಾಗ ಮೊಳಕ್ಕಾಗಿ ಅಜ್ಜಿ ಮಾಡುವ ಚೌಕಾಸಿ ಯಾರಿಗಾದರೂ ನೆನಪಾಗಬಹುದು. ಆ ಮಾತು ಬಂದರೆ ಬೆಳೆಯಲು ಬಿಡಿ.

ಈಗ ಸೆಣಬಿನ ಹಗ್ಗ. ಎಳೆದರೆ ಹಿಗ್ಗುವಂಥದ್ದು ಬೇಡ. ಕಿಟಕಿಯ ಅಗಲಕ್ಕೆ ಸರಿಯಾಗಿ ಗಂಟು ಹಾಕಿ, ಅದೇ ಹಗ್ಗವನ್ನು ಬಾಗಿಲಿಗೆ ಹಿಡಿಸಿ. ಯಾವುದು ಅಗಲ? ಈ ಸಲ ಜಗಳವಿಲ್ಲ, ಯಾರು ಹಿಡಿದರೂ ಒಂದೇ ಉತ್ತರ. ಅಂಗಳದ ಬೇವಿನ ಮರದ ಸುತ್ತಳತೆಯನ್ನೂ ತೆಗೆಯಲಿ.

ಕೊನೆಯ ಪ್ರಶ್ನೆ: ‘ನಮ್ಮ ಬೆಂಚಿನಷ್ಟೇ ಉದ್ದದ ಬೆಂಚು ಬೇಕು ಅಂತ ಬಡಗಿಗೆ ಫೋನಿನಲ್ಲಿ ಹೇಳೋದು ಹೇಗೆ?’ ಉತ್ತರ ನಾಳೆ, ಸ್ಕೇಲಿನ ಜೊತೆ.