ಸೂಚನೆ: ಯಾವ ರಕ್ತದ ಟ್ಯೂಬ್ ಲ್ಯಾಬಿನಿಂದ ವಾಪಸ್ ಬರುತ್ತದೆ, ಯಾಕೆ

ಆಸ್ಪತ್ರೆ ಲ್ಯಾಬ್, ವಿಜಯಪುರ
ಎಲ್ಲ ವಾರ್ಡ್, ಐಸಿಯು ಮತ್ತು ಕ್ಯಾಜುವಾಲ್ಟಿ ಸಿಬ್ಬಂದಿಗೆ. ಬರುವ ಸೋಮವಾರದಿಂದ ಜಾರಿ.

ಮೊದಲು ಲೇಬಲ್. ಟ್ಯೂಬಿನ ಮೇಲೆ ಪೂರ್ತಿ ಹೆಸರು, ಐಪಿ ನಂಬರ್, ರಕ್ತ ತೆಗೆದ ದಿನ ಮತ್ತು ಹೊತ್ತು, ತೆಗೆದವರ ಸಹಿ ಇರಬೇಕು. ಹೆಸರು ಅಥವಾ ಐಪಿ ನಂಬರ್ ಇಲ್ಲದಿದ್ದರೆ, ಫಾರ್ಮಿನ ಜೊತೆ ತಾಳೆಯಾಗದಿದ್ದರೆ ಟ್ಯೂಬ್ ತೆಗೆದುಕೊಳ್ಳುವುದಿಲ್ಲ. ‘ಬೆಡ್ 12’ ಅಂತ ಬರೆದರೆ ಸಾಲದು. ಬೆಡ್ ಮಧ್ಯಾಹ್ನಕ್ಕೆ ಬೇರೆಯವರದಾಗಿರುತ್ತದೆ. ನಮ್ಮ ಕಡೆ ಒಂದೇ ವಾರ್ಡಿನಲ್ಲಿ ಇಬ್ಬರು ಮಲ್ಲಪ್ಪ, ಮೂವರು ಶಾಂತವ್ವ ಇರುವುದು ಹೊಸದೇನಲ್ಲ ಅಲ್ವಾ?

ಹೆಸರನ್ನು ರೋಗಿಯ ಬಾಯಿಂದಲೇ ಹೇಳಿಸಿ. ‘ನೀವು ಮಲ್ಲಪ್ಪನಾ?’ ಅಂದರೆ ನಿದ್ದೆಗಣ್ಣಲ್ಲಿ ಯಾರಾದರೂ ಹೂಂ ಅಂದುಬಿಡುತ್ತಾರೆ. ಮಾತಾಡಲಾಗದವರಿದ್ದರೆ ಕೈಪಟ್ಟಿ ನೋಡಿ. ರಕ್ತ ತೆಗೆದ ಮೇಲೆ ಅಲ್ಲೇ, ಹಾಸಿಗೆ ಪಕ್ಕದಲ್ಲೇ ಲೇಬಲ್ ಹಚ್ಚಿ. ಬೆಳಗಿನ ಗಡಿಬಿಡಿಯಲ್ಲಿ ಖಾಲಿ ಟ್ಯೂಬಿಗೆ ಮೊದಲೇ ಹಚ್ಚಿ ಟ್ರೇ ತುಂಬಿಸಿಕೊಳ್ಳುವುದು ಬೇಡ. ಅದಲುಬದಲು ಆಗುವುದೇ ಅಲ್ಲಿ.

‘ಸರ್, ನಾನೇ ಬಂದು ತಿದ್ದುತ್ತೇನೆ’ ಅನ್ನುವವರಿಗೆ: ರಕ್ತದ ಟ್ಯೂಬಿನ ಲೇಬಲ್ ತಿದ್ದಲು ಬಿಡುವುದಿಲ್ಲ, ಹೊಸದಾಗಿ ತೆಗೆಯಿರಿ. ಕ್ರಾಸ್‌ಮ್ಯಾಚ್ ಟ್ಯೂಬಿನಲ್ಲಂತೂ ಒಂದು ಅಂಕಿ ತಪ್ಪಿದರೂ ಇಲ್ಲ. ಬೇರೆ ಗುಂಪಿನ ರಕ್ತ ಹೋದರೆ ಜೀವ ಹೋಗಬಹುದು. ಮತ್ತೆ ತೆಗೆಯಲು ಕಷ್ಟವಾದ ಬೆನ್ನುಹುರಿ ನೀರಿನಂಥ ಸ್ಯಾಂಪಲ್ ಆದರೆ ಮಾತ್ರ, ಡಾಕ್ಟರ್ ಬಂದು ಸಹಿ ಹಾಕಿದರೆ ನೋಡುತ್ತೇವೆ.

ಇನ್ನು ಹೀಮೊಲೈಸ್ ಆದ ಟ್ಯೂಬ್. ಕೆಂಪು ಕಣ ಒಡೆದಿದ್ದು ಹೊರಗಿನಿಂದ ಕಾಣುವುದಿಲ್ಲ. ಸೆಂಟ್ರಿಫ್ಯೂಜ್ ಮಾಡಿದ ಮೇಲೆ ಸೀರಮ್ ತಿಳಿಹಳದಿ ಇರುವ ಬದಲು ಗುಲಾಬಿ ಅಥವಾ ಕೆಂಪಗೆ ಕಾಣುತ್ತದೆ. ಕಣದೊಳಗಿನ ಪೊಟ್ಯಾಶಿಯಂ ಹೊರಗೆ ಬಂದಿರುತ್ತದೆ. ನಿಜವಾಗಿ 4 ಇದ್ದದ್ದು 6 ಅಂತ ಬಂದರೆ ಡಾಕ್ಟರ್ ಸುಮ್ನೆ ಕೂರುತ್ತಾರಾ? ಇಲ್ಲದ ಕಾಯಿಲೆಗೆ ಔಷಧ ಶುರುವಾಗುತ್ತದೆ. ಎಲ್‌ಡಿಎಚ್, ಎಎಸ್‌ಟಿ ಕೂಡ ಏರುತ್ತವೆ. ಆದ್ದರಿಂದ ಅಂಥ ಟ್ಯೂಬಿನಲ್ಲಿ ಈ ಮೂರರ ರಿಪೋರ್ಟ್ ಕೊಡುವುದಿಲ್ಲ. ತುಂಬಾ ಕೆಂಪಗಿದ್ದರೆ ಪೂರ್ತಿ ವಾಪಸ್.

ಹೆಚ್ಚಿನ ಸಲ ಇದು ಕೈಯಲ್ಲೇ ತಪ್ಪಿಸಬಹುದಾದದ್ದು. ಸ್ಪಿರಿಟ್ ಆರಲಿ. ಟೂರ್ನಿಕೆಟ್ 1 ನಿಮಿಷಕ್ಕಿಂತ ಜಾಸ್ತಿ ಬೇಡ. ಸಿರಿಂಜನ್ನು ಜೋರಾಗಿ ಎಳೆಯಬೇಡಿ, ರಕ್ತವನ್ನು ಸೂಜಿಯಿಂದ ಒತ್ತಿ ಟ್ಯೂಬಿಗೆ ಚಿಮ್ಮಿಸಬೇಡಿ. ಟ್ಯೂಬನ್ನು ಮೆಲ್ಲಗೆ ತಲೆಕೆಳಗು ಮಾಡಿ, ನೇರಳೆ ಮುಚ್ಚಳದ್ದಾದರೆ 8ರಿಂದ 10 ಸಲ. ಅಲುಗಾಡಿಸಬೇಡಿ. ಸಲೈನ್ ಹೋಗುತ್ತಿರುವ ಕೈಯಿಂದ ತೆಗೆಯಬೇಡಿ. ಬೇಸಿಗೆಯಲ್ಲಿ ಟ್ಯೂಬನ್ನು ಕಿಟಕಿ ಮೇಲೆ ಇಟ್ಟು ಮರೆಯಬೇಡಿ, ಇಲ್ಲಿಯ ಬಿಸಿಲು ಗೊತ್ತಲ್ಲ.

ನೇರಳೆ ಟ್ಯೂಬಿನಿಂದ ಕೆಂಪು ಟ್ಯೂಬಿಗೆ ರಕ್ತ ಸುರಿದರೂ ಪೊಟ್ಯಾಶಿಯಂ ಸುಳ್ಳೇ ಏರುತ್ತದೆ, ಕ್ಯಾಲ್ಸಿಯಂ ಇಳಿಯುತ್ತದೆ. ನಮಗೆ ಗೊತ್ತಾಗುತ್ತದೆ.

ಸರಿಯಾಗಿ ತೆಗೆದ ಎರಡನೇ ಟ್ಯೂಬೂ ಕೆಂಪಗೇ ಬಂದರೆ ನಾವೇ ಡಾಕ್ಟರಿಗೆ ಫೋನ್ ಮಾಡುತ್ತೇವೆ. ಆಗ ಕಣ ರೋಗಿಯ ಮೈಯಲ್ಲೇ ಒಡೆಯುತ್ತಿರಬಹುದು. ರಕ್ತ ಏರಿಸುತ್ತಿದ್ದರೆ ತಕ್ಷಣ ನಿಲ್ಲಿಸಿ ಡಾಕ್ಟರಿಗೆ ತಿಳಿಸಿ.

ಟ್ಯೂಬ್ ವಾಪಸಾದರೆ ಲ್ಯಾಬಿನಿಂದ ವಾರ್ಡಿಗೆ ಫೋನ್ ಬರುತ್ತದೆ. ಫೋನ್ ಎತ್ತಿದವರ ಹೆಸರು, ಹೊತ್ತು, ಕಾರಣ ನಮ್ಮ ರಿಜಿಸ್ಟರಿನಲ್ಲಿ ಬರೆಯುತ್ತೇವೆ. ಅನುಮಾನ ಇದ್ದರೆ ರಕ್ತ ತೆಗೆಯುವ ಮೊದಲೇ ಕೇಳಿ, ರಾತ್ರಿ ಪಾಳಿಯಲ್ಲೂ ಒಬ್ಬ ಟೆಕ್ನಿಷಿಯನ್ ಇರುತ್ತಾರೆ.

ಲ್ಯಾಬ್ ಇನ್‌ಚಾರ್ಜ್